ಇಪ್ಪತ್ತೊಂದು ದಿನದ ಲೆಕ್ಕ

ಪುಣೆ ಹತ್ತಿರದ ರಾಂಜಣಗಾಂವದಲ್ಲಿ ನಾನು ಹೋಗುವ ಜಿಮ್ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯ ಮೇಲಿದೆ. ಮೇಲೆ ತಗಡು, ಕೆಳಗೆ ರಬ್ಬರ್ ಮ್ಯಾಟು, ಒಂದೇ ಒಂದು ಸ್ಕ್ವಾಟ್ ರ‍್ಯಾಕು, ಎರಡು ಬೆಂಚು. ಗೋಡೆಗೆ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಚಿತ್ರ. ಅದರ ಕೆಳಗೆ ಲ್ಯಾಮಿನೇಶನ್ ಮಾಡಿಸಿದ ವೇಳಾಪಟ್ಟಿ: ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಬುಧವಾರ ಶೋಲ್ಡರ್, ಗುರುವಾರ ಬೈಸೆಪ್ಸ್-ಟ್ರೈಸೆಪ್ಸ್, ಶುಕ್ರವಾರ ಲೆಗ್ಸ್. ಒಂದು ಸ್ನಾಯುವಿಗೆ ವಾರಕ್ಕೆ ಒಂದೇ ದಿನ. ಚಿತ್ರದಲ್ಲಿರುವ ಮನುಷ್ಯ 1970ರ ದಶಕದಲ್ಲಿ ಒಂದೊಂದು ಸ್ನಾಯುವನ್ನು ವಾರಕ್ಕೆ ಎರಡು-ಮೂರು ಸಲ ದುಡಿಸಿ ಆ ಎದೆ ಕಟ್ಟಿದವನು ಎಂಬುದು ಪಟ್ಟಿ ಅಂಟಿಸಿದವರಿಗೆ ಗೊತ್ತಿರಲಿಕ್ಕಿಲ್ಲ. ಅವನಿಗಿಂತ ಹಿಂದಿನ ಸ್ಟೀವ್ ರೀವ್ಸ್ ವಾರಕ್ಕೆ ಮೂರು ದಿನ, ಮೂರೂ ದಿನ ಇಡೀ ಮೈಗೆ ವ್ಯಾಯಾಮ ಮಾಡುತ್ತಿದ್ದ. ವಾರಕ್ಕೊಂದು ಸಲದ ಪದ್ಧತಿಗೆ ಹೆಸರು ತಂದವರಲ್ಲಿ 1990ರ ದಶಕದ ಡೋರಿಯನ್ ಯೇಟ್ಸ್ ಒಬ್ಬ. ಆದರೆ ಅವನು ಮಾಡುತ್ತಿದ್ದದ್ದು ಕೆಲವೇ ಸೆಟ್, ಒಂದೊಂದನ್ನೂ ಇನ್ನೊಂದು ರೆಪ್ ಎತ್ತಲಾಗದಷ್ಟು ತುದಿಗೆ ಒಯ್ದು. ನಮ್ಮ ಗೋಡೆಯ ಪಟ್ಟಿ ಯೇಟ್ಸ್‌ನಿಂದ ದಿನಗಳನ್ನು ತಗೊಂಡಿತು, ಸೆಟ್‌ಗಳ ಲೆಕ್ಕವನ್ನು ಬಿಟ್ಟಿತು.

ಪಟ್ಟಿಯಲ್ಲಿ ಇನ್ನೂ ಒಂದು ತೊಡಕಿದೆ. ಅದು ಸೋಮವಾರದಿಂದ ಶುಕ್ರವಾರದವರೆಗೆ ಒಂದೇ ಹೊತ್ತಿಗೆ ಬಿಡುವಾಗುವ ಮನುಷ್ಯನಿಗೆ ಬರೆದದ್ದು. ಈ ಊರಿನಲ್ಲಿ ಅಂಥವರು ಕಡಿಮೆ. ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರು ಎಂದು ಹೊರಗಿನವರಿಗೆ ಗೊತ್ತು. ನಮಗೆ ಇದು ಎಂಐಡಿಸಿ. ಎಲ್‌ಜಿ, ವರ್ಲ್‌ಪೂಲ್, ಫಿಯೆಟ್ ಮತ್ತು ಅವಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣಪುಟ್ಟ ಶೆಡ್ಡುಗಳು. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಹುಡುಗರು ನಾಲ್ಕೈದು ಜನ ಸೇರಿ ಒಂದು ರೂಮು ಹಿಡಿದು, ಮೆಸ್ಸಿನಲ್ಲಿ ಉಂಡು, ವಾರಕ್ಕೊಂದು ಪಾಳಿ ಬದಲಾಯಿಸುತ್ತ ದುಡಿಯುತ್ತಾರೆ. ಒಂದು ವಾರ ಫಸ್ಟ್ ಶಿಫ್ಟ್, ಮುಂದಿನ ವಾರ ಸೆಕೆಂಡ್, ಅದರ ಮುಂದಿನ ವಾರ ನೈಟ್. ಅವರ ಬದುಕು ಏಳು ದಿನಕ್ಕೆ ಸುತ್ತುವುದಿಲ್ಲ, ಇಪ್ಪತ್ತೊಂದು ದಿನಕ್ಕೆ ಸುತ್ತುತ್ತದೆ.

ಇಂಡಿ ತಾಲೂಕಿನ ಒಬ್ಬ ಹುಡುಗ, ವಯಸ್ಸು 24, ಮೈತೂಕ 62 ಕಿಲೋ, ಒಂದು ಸಂಜೆ ನನ್ನ ಪಕ್ಕ ಬಂದು ಕೂತು ಕೇಳಿದ: "ಕಾಕಾ, ಯೂಟ್ಯೂಬ್‌ನ್ಯಾಗ ಒಬ್ಬ ವಾರಕ್ಕೊಮ್ಮಿ ಸಾಕು ಅಂತಾನ, ಇನ್ನೊಬ್ಬ ಮೂರು ಸಲ ಹೊಡೀಲಿಲ್ಲಂದ್ರ ಬೆಳೆಯೂದಿಲ್ಲ ಅಂತಾನ. ಯಾರ ಮಾತು ಖರೇ?" ಇಬ್ಬರದೂ ಖರೆಯಾಗಿರಬಹುದು, ನಿನ್ನ ನೋಟ್‌ಬುಕ್ ತೋರಿಸು ಅಂದೆ. ಪುಣ್ಯಕ್ಕೆ ಅವನು ಬರೆದಿಡುತ್ತಿದ್ದ. ಆ ನೋಟ್‌ಬುಕ್ಕನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಬಿಡಿಸುತ್ತೇನೆ.

ಮೊದಲು, ಸಂಶೋಧನೆ ಎಲ್ಲಿಯವರೆಗೆ ಕೈ ಹಿಡಿದು ನಡೆಸುತ್ತದೆ ಎಂಬುದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು 1995ರಲ್ಲಿ ಆರು ಜನ ಯುವಕರ ಒಂದು ತೋಳಿಗೆ ಮಾತ್ರ ಭಾರದ ವ್ಯಾಯಾಮ ಮಾಡಿಸಿ, ಸ್ನಾಯುವಿನೊಳಗೆ ಹೊಸ ಪ್ರೋಟೀನ್ ಕಟ್ಟುವ ವೇಗ ಎಷ್ಟು ಹೊತ್ತು ಏರಿರುತ್ತದೆ ಎಂದು ಅಳೆದರು. 24 ತಾಸಿನ ಹೊತ್ತಿಗೆ ಅದು ಎರಡು ಪಟ್ಟಿನಷ್ಟಾಗಿತ್ತು, 36 ತಾಸಿಗೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಬೇರೆ ಅಧ್ಯಯನಗಳಲ್ಲಿ, ಮುಖ್ಯವಾಗಿ ಹೊಸಬರಲ್ಲಿ, ಏರಿಕೆ ಎರಡು ದಿನದವರೆಗೂ ಉಳಿದದ್ದುಂಟು. ವಾರಕ್ಕೆ ಮೂರು ಸಲ ಎನ್ನುವವರ ವಾದ ಹುಟ್ಟುವುದು ಇಲ್ಲಿಂದ: ಎರಡು ದಿನಕ್ಕೆ ಬೆಂಕಿ ಆರುತ್ತದೆ ಎಂದಮೇಲೆ ವಾರದ ಮಿಕ್ಕ ಐದು ದಿನ ಒಲೆ ತಣ್ಣಗೇಕೆ ಇರಬೇಕು?

ಕೇಳುವುದಕ್ಕೆ ಅಚ್ಚುಕಟ್ಟಾದ ವಾದ. ಆದರೆ ಒಲೆ ಎಷ್ಟು ಸಲ ಹೊತ್ತಿತು ಎನ್ನುವುದರಿಂದ ಎಷ್ಟು ರೊಟ್ಟಿ ಬೆಂದವು ಎಂದು ಹೇಳಲಾಗುವುದಿಲ್ಲ. ನ್ಯೂಯಾರ್ಕಿನ ಲೀಮನ್ ಕಾಲೇಜಿನ ಬ್ರ್ಯಾಡ್ ಶೋನ್‌ಫೆಲ್ಡ್ ತಂಡ 2016ರಲ್ಲಿ 10 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಸ್ನಾಯು ಬೆಳೆಯುವುದಕ್ಕೆ ವಾರಕ್ಕೆ ಎರಡು ಸಲ ಒಂದು ಸಲಕ್ಕಿಂತ ಮೇಲು, ಮೂರು ಸಲ ಎರಡಕ್ಕಿಂತ ಮೇಲೋ ಇಲ್ಲವೋ ಹೇಳಲಾಗದು ಎಂದಿತ್ತು. ಅದೇ ತಂಡ 2019ರಲ್ಲಿ 25 ಅಧ್ಯಯನಗಳೊಂದಿಗೆ ಮತ್ತೆ ಕೂತಾಗ ಚಿತ್ರ ಬದಲಾಯಿತು. ವಾರದ ಒಟ್ಟು ಸೆಟ್‌ಗಳು ಸಮ ಇದ್ದರೆ, ಅವನ್ನು ಒಂದು ದಿನದಲ್ಲಿ ಮಾಡಿದರೂ ಮೂರು ದಿನಕ್ಕೆ ಹಂಚಿದರೂ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೆಚ್ಚು ಸಲ ಮಾಡಿದವರು ಮುಂದಿದ್ದ ಕಡೆ ಅವರು ಒಟ್ಟಾರೆ ಹೆಚ್ಚು ಸೆಟ್ ಮಾಡಿದ್ದರು. ಸೆಟ್‌ಗಳ ಸಂಖ್ಯೆಯ ಪ್ರಭಾವವಾದರೋ ಅದೇ ತಂಡದ 2017ರ ವಿಶ್ಲೇಷಣೆಯಲ್ಲಿ ಕಣ್ಣಿಗೆ ಬೀಳುವಂತಿದೆ. ಒಂದು ಸ್ನಾಯುವಿಗೆ ವಾರಕ್ಕೆ ಐದಕ್ಕಿಂತ ಕಡಿಮೆ ಸೆಟ್ ಮಾಡಿದವರಿಗಿಂತ ಹತ್ತು ಮತ್ತು ಅದಕ್ಕೂ ಮೇಲೆ ಮಾಡಿದವರು ಹೆಚ್ಚು ಬೆಳೆದರು.

ಹಾಗಾದರೆ ಎಷ್ಟು ಸಲ ಎನ್ನುವುದು ಬೇಕಾಬಿಟ್ಟಿ ವಿಷಯವೇ? ಅಲ್ಲ. ಪ್ರಯೋಗದಲ್ಲಿ ಒಟ್ಟು ಸೆಟ್ಟನ್ನು ಸಮವಾಗಿ ಇಡುವವನು ಸಂಶೋಧಕ. ಅವನು ಪಕ್ಕದಲ್ಲಿ ನಿಂತು ಎಣಿಸುತ್ತಾನೆ, ಬಾರದವನಿಗೆ ಫೋನ್ ಮಾಡುತ್ತಾನೆ. ರಾಂಜಣಗಾಂವದ ತಗಡಿನ ಕೆಳಗೆ ಆ ಕೆಲಸ ನಮ್ಮದೇ. ಆ ಒಟ್ಟು ಮೊತ್ತ ನಿಜವಾಗಿ ಕೈಗೆ ಹತ್ತುವಂತೆ, ಹತ್ತಿದ ಸೆಟ್‌ಗಳು ಜೀವ ಇರುವ ಸೆಟ್‌ಗಳಾಗಿರುವಂತೆ ಹಂಚಿಕೊಳ್ಳುವ ಉಪಾಯವೇ ಈ ಒಂದು, ಎರಡು, ಮೂರು. ಸ್ನಾಯುವಿಗೆ ವಾರ ಗೊತ್ತಿಲ್ಲ. ತನ್ನ ಮೇಲೆ ಎಷ್ಟು ಭಾರ ಬಿತ್ತು, ಮತ್ತೆ ಎಷ್ಟು ದಿನಕ್ಕೆ ಬಿತ್ತು ಎಂಬುದಷ್ಟೇ ಅದರ ಅನುಭವ.

ಈಗ ಹುಡುಗನ ನೋಟ್‌ಬುಕ್. ನಾನು ಅವನ ಹಿಂದಿನ ಆರು ವಾರ, ಅಂದರೆ ಪೂರ್ತಿ ಎರಡು ಪಾಳಿ ಸುತ್ತು, ಎಣಿಸಿದೆ. ಫಸ್ಟ್ ಮತ್ತು ಸೆಕೆಂಡ್ ಶಿಫ್ಟಿನ ವಾರಗಳಲ್ಲಿ ನಾಲ್ಕು ನಾಲ್ಕು ದಿನ ಬಂದಿದ್ದ, ನೈಟ್ ವಾರದಲ್ಲಿ ಎರಡೇ ದಿನ. ಒಂದು ಸುತ್ತಿಗೆ 10, ಎರಡು ಸುತ್ತಿಗೆ 20 ಹಾಜರಿ. ಕಾರ್ಖಾನೆಯಲ್ಲಿ ಎಂಟೆಂಟು ತಾಸು ನಿಂತು ದುಡಿಯುವವನಿಗೆ ಇದು ಕಡಿಮೆಯೇನಲ್ಲ. ಆದರೆ ಆ 20 ಹಾಜರಿ ಮೈಮೇಲೆ ಹಂಚಿಕೆಯಾದ ಬಗೆ ನೋಡಿ: ಎದೆ 6 ಸಲ, ಬೆನ್ನು 5, ಭುಜ 4, ತೋಳು 3, ಕಾಲು 2. ಸೋಮವಾರ ಯಾರೂ ತಪ್ಪಿಸುವುದಿಲ್ಲ, ಬೆಂಚಿಗೆ ಸರದಿ ನಿಲ್ಲುತ್ತಾರೆ. ಶುಕ್ರವಾರ ಬರುವಷ್ಟರಲ್ಲಿ ಹುಡುಗ ಸುಸ್ತು, ಇಲ್ಲವೇ ಊರಿನ ಬಸ್ಸು ಹಿಡಿಯುವ ಗಡಿಬಿಡಿ. ಎದೆಯ ದಿನ 16 ಸೆಟ್ ಹೊಡೆಯುತ್ತಿದ್ದನಾದ್ದರಿಂದ ವಾರಕ್ಕೆ ಸರಾಸರಿ 16 ಸೆಟ್ ಎದೆಗೆ ಸಿಕ್ಕಿತ್ತು. ಕಾಲಿನ ದಿನ 12 ಸೆಟ್, ಆರು ವಾರದಲ್ಲಿ ಎರಡೇ ಸಲ. ಅಂದರೆ ವಾರಕ್ಕೆ ನಾಲ್ಕು. ಗೋಡೆಯ ಪಟ್ಟಿ ಎಲ್ಲ ಸ್ನಾಯುವಿಗೂ ವಾರಕ್ಕೊಮ್ಮೆ ಎಂದು ಹೇಳಿದರೂ ಕಾಲಿಗೆ ಬಿದ್ದದ್ದು ಮೂರು ವಾರಕ್ಕೊಮ್ಮೆ. ವಾರಕ್ಕೊಮ್ಮೆಯ ಪದ್ಧತಿಯ ನಿಜವಾದ ದೋಷ ಇದು, ಪ್ರೋಟೀನಿನ ಗಡಿಯಾರವಲ್ಲ. ಒಂದು ದಿನ ತಪ್ಪಿದರೆ ಆ ಸ್ನಾಯು 14 ದಿನ ಸುಮ್ಮನಿರುತ್ತದೆ. ವಾರಕ್ಕೆ ಎರಡು ಸಲ ಇಟ್ಟುಕೊಂಡವನು ಒಂದು ತಪ್ಪಿಸಿದರೆ ಅದು ಏಳು ದಿನ ಸುಮ್ಮನಿರುತ್ತದೆ, ಅಷ್ಟೇ.

ತಮಾಷೆ ಎಂದರೆ ಈ ಪಟ್ಟಿಯಲ್ಲಿ ಟ್ರೈಸೆಪ್ಸ್‌ಗೆ ವಾರಕ್ಕೊಮ್ಮೆ ಎಂಬುದೂ ಸುಳ್ಳು. ಸೋಮವಾರ ಬೆಂಚ್ ಪ್ರೆಸ್‌ನಲ್ಲಿ ಅದು ದುಡಿಯಿತು, ಬುಧವಾರ ಶೋಲ್ಡರ್ ಪ್ರೆಸ್‌ನಲ್ಲಿ ದುಡಿಯಿತು, ಗುರುವಾರ ಅದರದೇ ದಿನ. ಒಟ್ಟು ಮೂರು ಸಲ, ಅದರಲ್ಲಿ ಎರಡು ಬೆನ್ನುಬೆನ್ನಿಗೆ. ಮೊಣಕೈ ನೋವು ಎನ್ನುವ ಹುಡುಗರಲ್ಲಿ ಅರ್ಧ ಜನ ಈ ಲೆಕ್ಕವನ್ನೇ ಹಾಕಿರುವುದಿಲ್ಲ. ಎಷ್ಟು ಸಲ ಎಂದು ಎಣಿಸುವಾಗ ದಿನದ ಹೆಸರನ್ನಲ್ಲ, ಯಾವ ಎತ್ತುವಿಕೆಯಲ್ಲಿ ಯಾವ ಸ್ನಾಯು ಪಾಲು ಹೊರುತ್ತದೆ ಎಂಬುದನ್ನು ನೋಡಬೇಕು.

ಇನ್ನು 16 ಸೆಟ್‌ಗಳ ಒಳಗೆ ಇಣುಕೋಣ. ಒಂದು ಸೋಮವಾರದ ಪುಟ ಹೀಗಿತ್ತು. ಬೆಂಚ್ ಪ್ರೆಸ್ 50 ಕಿಲೋ: 10, 8, 6, 5. ಇಳಿಜಾರು ಬೆಂಚಿನ ಮೇಲೆ 16 ಕಿಲೋ ಡಂಬೆಲ್: 8, 7, 5, 5. ಆಮೇಲೆ ಮಷೀನಿನಲ್ಲಿ ಫ್ಲೈ ನಾಲ್ಕು ಸೆಟ್, ರೆಪ್ ಬರೆದಿಲ್ಲ. ಕೊನೆಗೆ ಪುಷ್‌ಅಪ್ ನಾಲ್ಕು ಸೆಟ್, ಎದುರಿಗೆ "ಆದಷ್ಟು" ಎಂದು ಬರೆದಿದ್ದ. ಹತ್ತು ಸಲ ಎತ್ತಿದ ಭಾರವನ್ನು ನಾಲ್ಕನೇ ಸೆಟ್ಟಿನಲ್ಲಿ ಐದೇ ಸಲ ಎತ್ತಿದ್ದಾನೆ, ಅರ್ಧಕ್ಕೆ ಇಳಿದಿದೆ. ಮುಂದಿನ ಸೆಟ್‌ಗಳಿಂದ ಏನೂ ಸಿಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಮೊದಲ ಆರು ಸೆಟ್ ಕೊಟ್ಟಷ್ಟನ್ನು ಕೊನೆಯ ಆರು ಕೊಡುವುದಿಲ್ಲ, ದಣಿವನ್ನು ಮಾತ್ರ ಅಷ್ಟೇ ಕೊಡುತ್ತವೆ. ಅವನೇ ಹೇಳಿದ್ದ: "ಚೆಸ್ಟ್ ಹೊಡದು ಮೂರು ದಿನ ಆದ್ರೂ ಅಂಗಿ ಹಾಕ್ಕೊಳ್ಳಾಕ ಕೈ ಎತ್ತಾಕ ಬರೂದಿಲ್ಲ ಕಾಕಾ." ಅದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು. ನೋವು ಬಿತ್ತೆಂದರೆ ಬೆಳೆಯಿತು ಎಂದು ಹುಡುಗರು ನಂಬುತ್ತಾರೆ. ಆದರೆ ಬಹಳ ದಿನ ಬಿಟ್ಟು ಮಾಡಿದ ಯಾವ ಕೆಲಸವೂ ನೋಯಿಸುತ್ತದೆ, ಕಬ್ಬು ಕಡಿದರೂ ನೋಯುತ್ತದೆ. ಅದೇ ಕೆಲಸ ಮೂರು ನಾಲ್ಕು ದಿನಕ್ಕೊಮ್ಮೆ ಬಿದ್ದರೆ ಎರಡು ವಾರದಲ್ಲಿ ಆ ನೋವು ಬಹುಪಾಲು ಮಾಯವಾಗುತ್ತದೆ, ಬೆಳವಣಿಗೆ ಮಾಯವಾಗುವುದಿಲ್ಲ.

ಗರಡಿಮನೆಯ ಹಿರಿಯರಿಗೆ ಇದು ಗೊತ್ತಿತ್ತು. ಪೈಲ್ವಾನರು ಬಸ್ಕಿ, ಸಾಮು ದಿನಾ ಹೊಡೆಯುತ್ತಿದ್ದರು. ಅದನ್ನೇ ಮುಂದಿಟ್ಟು, ಹಾಗಾದರೆ ಬೆಂಚ್ ಪ್ರೆಸ್ ದಿನಾ ಏಕೆ ಬೇಡ ಎಂದು ಕೇಳುವವರಿದ್ದಾರೆ. ಬಸ್ಕಿಯಲ್ಲಿ ಭಾರವೆಂದರೆ ತನ್ನ ಮೈಯಷ್ಟೇ; ಎಣಿಕೆ ವರ್ಷಗಟ್ಟಲೆ ನಿಧಾನಕ್ಕೆ ಏರುತ್ತದೆ; ಒಂದೊಂದು ಸೆಟ್ಟೂ ಸೋಲಿನ ತುದಿಗೆ ಹೋಗುವುದಿಲ್ಲ. ಹತ್ತೇ ಸಲ ಎತ್ತಲು ಬರುವಂಥ ಕಬ್ಬಿಣವನ್ನು ದಿನಾ ತುದಿಯವರೆಗೆ ಒಯ್ಯುವುದು ಬೇರೆಯೇ ಸಾಲ, ಅದರ ಬಡ್ಡಿಯನ್ನು ಸ್ನಾಯುವಿಗಿಂತ ಮೊದಲು ಕೀಲುಗಳು ಕಟ್ಟುತ್ತವೆ.

ನಾವು ಕೂತು ಮಾಡಿದ ಲೆಕ್ಕ ಒಂದು ಹಾಳೆಯ ಬೆನ್ನಿನಲ್ಲಿ ಮುಗಿಯಿತು. ಗುರಿ: ಪ್ರತಿ ದೊಡ್ಡ ಸ್ನಾಯುವಿಗೆ ವಾರಕ್ಕೆ ಸುಮಾರು 10 ಗಟ್ಟಿ ಸೆಟ್. ಗಟ್ಟಿ ಅಂದರೆ ನಿಲ್ಲಿಸುವಾಗ ಇನ್ನು ಎರಡು-ಮೂರು ರೆಪ್‌ಗಿಂತ ಹೆಚ್ಚು ಮೈಯಲ್ಲಿ ಉಳಿದಿರಬಾರದು. ಇಪ್ಪತ್ತೊಂದು ದಿನಕ್ಕೆ 30 ಸೆಟ್ ಆಯಿತು. ಕೈಯಲ್ಲಿರುವ ಹಾಜರಿ 10. ಇದು ಆಸೆಯ ಅಂಕಿ ಅಲ್ಲ, ನೋಟ್‌ಬುಕ್ ಹೇಳಿದ ಅಂಕಿ. ಇಲ್ಲಿಯೇ ಬಹಳ ಜನ ಎಡವುವುದು. ಕೇಳಿದರೆ ವಾರಕ್ಕೆ ಆರು ದಿನ ಬರುತ್ತೇನೆ ಎನ್ನುತ್ತಾರೆ, ಆ ಆರಕ್ಕೆ ಯೋಜನೆ ಹಾಕಿಕೊಳ್ಳುತ್ತಾರೆ, ಬರುವುದು ಮೂರು.

ಈ 10 ಹಾಜರಿಯನ್ನು ಮೈಯ ಐದು ಭಾಗಗಳಿಗೆ ಹಂಚಿದರೆ ಒಂದೊಂದು ಭಾಗಕ್ಕೆ ಇಪ್ಪತ್ತೊಂದು ದಿನದಲ್ಲಿ ಎರಡೇ ಭೇಟಿ. 30 ಸೆಟ್ ಆಗಬೇಕಾದರೆ ಒಂದು ಭೇಟಿಗೆ 15. ಅವನ ಸೋಮವಾರದ ಪುಟವೇ ಸಾಕ್ಷಿ, ಅಷ್ಟು ಹೊತ್ತು ಸೆಟ್ಟಿನ ಗುಣಮಟ್ಟ ತಡೆಯುವುದಿಲ್ಲ. ಮೂರು ಭಾಗ ಮಾಡಿದರೆ, ಅಂದರೆ ಒತ್ತುವ ದಿನ, ಎಳೆಯುವ ದಿನ, ಕಾಲಿನ ದಿನ ಎಂದು ಇಟ್ಟರೆ, ಒಂದೊಂದಕ್ಕೆ ಮೂರು ಚಿಲ್ಲರೆ ಭೇಟಿ, ಭೇಟಿಗೆ 9 ಸೆಟ್. ಆಗುತ್ತದೆ, ಆದರೆ ಬಿಗಿ. ಎರಡೇ ಭಾಗ ಮಾಡಿ ಮೇಲ್ಮೈ ಒಂದು ದಿನ, ಕೆಳಮೈ ಒಂದು ದಿನ ಎಂದಿಟ್ಟರೆ ಐದೈದು ಭೇಟಿ, ಭೇಟಿಗೆ 6 ಸೆಟ್. ಭಾಗವೇ ಮಾಡದೆ ಪ್ರತಿ ಸಲ ಇಡೀ ಮೈ ಎಂದರೆ ಹತ್ತು ಭೇಟಿ, ಭೇಟಿಗೆ ಒಂದು ಸ್ನಾಯುವಿಗೆ 3 ಸೆಟ್. ವಾರಕ್ಕೆ ಮೂರು ಸಲಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು.

ಕಾಗದದ ಮೇಲೆ ಕೊನೆಯದು ಎಲ್ಲಕ್ಕಿಂತ ಸೊಗಸು: ಸೆಟ್ ಮೂರೇ, ಮೂರೂ ತಾಜಾ. ಆದರೆ ಸಂಜೆ ನಾಲ್ಕೂವರೆಗೆ ಫಸ್ಟ್ ಶಿಫ್ಟ್ ಬಿಟ್ಟವರೆಲ್ಲ ಈ ಜಿಮ್ಮಿಗೆ ನುಗ್ಗಿದಾಗ ಬಂದು ನೋಡಿ. ಇಡೀ ಮೈ ಮಾಡುವವನಿಗೆ ಅದೇ ದಿನ ರ‍್ಯಾಕೂ ಬೇಕು, ಬೆಂಚೂ ಬೇಕು, ಕೇಬಲ್ಲೂ ಬೇಕು. ಪ್ರತಿಯೊಂದರ ಮುಂದೆ ಸರದಿ. ಪ್ರತಿ ಎತ್ತುವಿಕೆಗೂ ಖಾಲಿ ರಾಡಿನಿಂದ ಶುರುಮಾಡಿ ಮೈ ಬಿಸಿ ಮಾಡಿಕೊಳ್ಳಬೇಕು. ಮೂರು ಸೆಟ್ ಸ್ಕ್ವಾಟಿಗೆ ಮೊದಲು ಎರಡು-ಮೂರು ಹಗುರ ಸೆಟ್ ಕಳೆಯುತ್ತವೆ. 70 ನಿಮಿಷದ ಕೆಲಸ 110 ನಿಮಿಷ ಹಿಡಿಯುತ್ತದೆ. ದಿನವಿಡೀ ಕಾಲ ಮೇಲೆ ನಿಂತವನು ಬಂದಾಗಲೆಲ್ಲ ಸ್ಕ್ವಾಟ್ ಮಾಡಬೇಕು ಎಂದರೆ ಮೂರನೇ ವಾರದಲ್ಲಿ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾನೆ. ಆದ್ದರಿಂದ ಎರಡು ಭಾಗದ್ದು ಗೆದ್ದಿತು. ವಾರಕ್ಕೆ ಎರಡು ಸಲ ಎಂದು ಅದನ್ನು ಕರೆಯುತ್ತೇವೆ. ಖರೆ ಲೆಕ್ಕದಲ್ಲಿ ಇಪ್ಪತ್ತೊಂದು ದಿನಕ್ಕೆ ಐದು, ನಾಲ್ಕು ದಿನಕ್ಕೊಮ್ಮೆ.

ಮುಖ್ಯ ಬದಲಾವಣೆ ಅಂಕಿಯದಲ್ಲ, ದಿನದ ಹೆಸರು ಕಿತ್ತುಹಾಕಿದ್ದು. ಸೋಮವಾರ ಇಂಥದು ಎಂಬುದಿಲ್ಲ. ನೋಟ್‌ಬುಕ್ಕಿನಲ್ಲಿ ಕೊನೆಯ ಪುಟ ಮೇಲ್ಮೈ ಎಂದಿದ್ದರೆ ಇವತ್ತು ಕೆಳಮೈ, ಅದು ಯಾವ ವಾರವಾದರೂ ಆಗಲಿ, ನಡುವೆ ಊರಿನ ಜಾತ್ರೆ ಬಂದಿರಲಿ. ಹೀಗೆ ಮಾಡಿದರೆ ಒಂದು ದಿನ ತಪ್ಪಿದಾಗ ಎಲ್ಲ ಸ್ನಾಯುಗಳೂ ಸಮನಾಗಿ ಒಂದು ದಿನ ಹಿಂದಕ್ಕೆ ಸರಿಯುತ್ತವೆ. ಬಲಿಯಾಗುವ ಶುಕ್ರವಾರ ಎಂಬುದೇ ಇರುವುದಿಲ್ಲ.

ಹುಡುಗನಿಗೆ ಒಂದು ಅಸಮಾಧಾನ ಉಳಿಯಿತು. "ಚೆಸ್ಟ್ 16 ಇದ್ದದ್ದು 10 ಆತಲ್ಲ ಕಾಕಾ, ಇಳಿದು ಹೋಗ್ತದೇನು?" ನ್ಯಾಯವಾದ ಪ್ರಶ್ನೆ. ಹೆಚ್ಚು ಸೆಟ್ ಹೆಚ್ಚು ಬೆಳವಣಿಗೆ ಎಂದು ನಾನೇ ಸಂಶೋಧನೆ ಹೇಳಿದ್ದೆ. ಆದರೆ ಆ ಹದಿನಾರರಲ್ಲಿ ನಾಲ್ಕು "ಆದಷ್ಟು", ನಾಲ್ಕಕ್ಕೆ ಲೆಕ್ಕವೇ ಇಲ್ಲ. ಮಾತಿನಲ್ಲಿ ತೀರ್ಮಾನವಾಗುವಂಥದ್ದಲ್ಲ, ಮೊದಲ ಸೆಟ್ಟನ್ನು ಕೇಳೋಣ ಎಂದು ಒಪ್ಪಿಸಿದೆ. ಹೊಸ ಹಂಚಿಕೆಯ ಎರಡನೇ ಸುತ್ತಿನ ಒಂದು ಪುಟ: ಬೆಂಚ್ 50 ಕಿಲೋ 10, 9, 8, ಇಳಿಜಾರು ಡಂಬೆಲ್ 16 ಕಿಲೋ 10, 9, 8. ಅದೇ ಡಂಬೆಲ್ಲಿನಲ್ಲಿ ಮೊದಲು 8ಕ್ಕೆ ಶುರುವಾಗಿ 5ಕ್ಕೆ ನಿಲ್ಲುತ್ತಿತ್ತು. ನಾಲ್ಕನೇ ಸುತ್ತಿನ ಕೊನೆಗೆ, ಅಂದರೆ 12 ವಾರಕ್ಕೆ, ಬೆಂಚು 55 ಕಿಲೋಗೆ 10 ಬಂದಿತ್ತು. ಸ್ಕ್ವಾಟು 40 ಕಿಲೋ ಇದ್ದದ್ದು 60 ಆಗಿತ್ತು. ಸ್ಕ್ವಾಟಿನ ಏರಿಕೆಯಲ್ಲಿ ಆಶ್ಚರ್ಯವಿಲ್ಲ, ಮೂರು ವಾರಕ್ಕೊಮ್ಮೆ ದುಡಿಯುತ್ತಿದ್ದ ಕಾಲು ನಾಲ್ಕು ದಿನಕ್ಕೊಮ್ಮೆ ದುಡಿದರೆ ಹಾಗಾಗುವುದೇ. ಒಬ್ಬ ಹುಡುಗನ ನೋಟ್‌ಬುಕ್ಕಿನಿಂದ ಸಿದ್ಧಾಂತ ಕಟ್ಟಲಾಗದು; ಅವನ ಮಟ್ಟಿಗೆ ಎದೆ ಇಳಿದು ಹೋಗಲಿಲ್ಲ ಎಂದು ಮಾತ್ರ ಗೊತ್ತಾಯಿತು.

ಮೊದಲ ಸೆಟ್ಟನ್ನೇ ನಾನು ಹಿಡಿದುಕೊಂಡಿರುವುದಕ್ಕೆ ಕಾರಣವಿದೆ. ಅದು ದಣಿವಿಲ್ಲದ ಹೊತ್ತಿನ ಸೆಟ್. ಹಿಂದಿನ ಭೇಟಿಯ ಸಾಲ ತೀರಿದೆಯೋ ಇಲ್ಲವೋ ಅದರಲ್ಲಿ ಕಾಣುತ್ತದೆ. ಅದೇ ಭಾರಕ್ಕೆ ಹಿಂದಿನ ಸಲದಷ್ಟೇ, ಇಲ್ಲವೇ ಒಂದು ಹೆಚ್ಚು ರೆಪ್ ಬಂದರೆ ಅಂತರ ಸರಿಯಿದೆ, ಸ್ವಲ್ಪ ನೋವಿದ್ದರೂ ಚಿಂತೆಯಿಲ್ಲ. ಒಂದು ಸಲ ಎರಡು ರೆಪ್ ಕಡಿಮೆ ಬಂದರೆ ನಿದ್ದೆಯೋ ಊಟವೋ ಕೈಕೊಟ್ಟಿದೆ ಎಂದು ಬಿಡಬಹುದು. ಸತತ ಎರಡು-ಮೂರು ಸಲ ಹಾಗಾದರೆ ಸ್ನಾಯು ಚೇತರಿಸಿಕೊಳ್ಳುವ ಮೊದಲೇ ಮತ್ತೆ ಭಾರ ಬೀಳುತ್ತಿದೆ. ಆಗ ಹುಡುಗರು ದಿನ ಕಡಿಮೆ ಮಾಡುತ್ತಾರೆ. ನನ್ನ ಮತ, ಮೊದಲು ಸೆಟ್ ಕಡಿಮೆ ಮಾಡಬೇಕು. ಆರರ ಬದಲು ನಾಲ್ಕು ಮಾಡಿ, ಭಾರ ಹಾಗೇ ಇಟ್ಟು ಎರಡು ಭೇಟಿ ನೋಡಿ. ಅದಕ್ಕೂ ಏರದಿದ್ದರೆ ಮಾತ್ರ ಅಂತರ ಹೆಚ್ಚಿಸಿ.

ಇದೇ ಹುಡುಗನಿಗೆ ಎರಡನೇ ನೈಟ್ ವಾರದಲ್ಲಿ ಹಾಗಾಯಿತು. ಸ್ಕ್ವಾಟಿನ ಮೊದಲ ಸೆಟ್ 8 ಇದ್ದದ್ದು 6, ಮುಂದಿನ ಸಲವೂ 6. ತಗಡಿನ ರೂಮಿನಲ್ಲಿ ಹಗಲು ಐದು ತಾಸು ನಿದ್ದೆ, ಅದೂ ಮೊಬೈಲ್ ಸದ್ದಿನ ನಡುವೆ. ಇಂಥದ್ದಕ್ಕೆ ಯಾವ ವೇಳಾಪಟ್ಟಿಯಲ್ಲೂ ಮದ್ದಿಲ್ಲ. ನೈಟ್ ವಾರಕ್ಕೆ ಪ್ರತಿ ಸ್ನಾಯುವಿಗೆ ಮೂರೇ ಸೆಟ್ ಎಂದು ಇಟ್ಟೆವು, ಕೆಲಸ ಬಿಟ್ಟು ಬಂದ ಬೆಳಿಗ್ಗೆ ಅಲ್ಲ, ಮಲಗಿ ಎದ್ದ ಮೇಲೆ ಸಂಜೆ. ಮುಂದಿನ ಫಸ್ಟ್ ಶಿಫ್ಟ್ ವಾರದಲ್ಲಿ 8 ತಿರುಗಿ ಬಂತು.

ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗೆ ಓವರ್‌ಟೈಮ್ ಜೋರು. ಆ ದಿನಗಳಲ್ಲಿ ವಾರಕ್ಕೊಮ್ಮೆ ಬರುವುದೇ ದೊಡ್ಡದು ಎನ್ನುವವರಿಗೆ ಅಮೆರಿಕದ ಬಿಕೆಲ್ ಮತ್ತು ಸಂಗಡಿಗರ 2011ರ ಅಧ್ಯಯನ ಸಮಾಧಾನ ಕೊಡಬಹುದು. ಅವರು ಜನರಿಗೆ 16 ವಾರ, ವಾರಕ್ಕೆ ಮೂರು ದಿನ ಕಾಲಿನ ವ್ಯಾಯಾಮ ಮಾಡಿಸಿ, ನಂತರ 32 ವಾರ ಕೆಲವರಿಗೆ ಮೂರರಲ್ಲೊಂದು ಪಾಲಿಗೆ, ಇನ್ನು ಕೆಲವರಿಗೆ ಒಂಬತ್ತರಲ್ಲೊಂದು ಪಾಲಿಗೆ ಇಳಿಸಿದರು. ಎರಡೂ ಗುಂಪಿಗೆ ವಾರಕ್ಕೆ ಒಂದೇ ದಿನ. ಎಳೆಯ ವಯಸ್ಸಿನವರಲ್ಲಿ ಒಂಬತ್ತರಲ್ಲೊಂದು ಪಾಲೇ ಕಟ್ಟಿದ ಸ್ನಾಯುವನ್ನು ಉಳಿಸಿಕೊಂಡಿತು. 60 ದಾಟಿದವರಲ್ಲಿ ಬಲ ಬಹುಮಟ್ಟಿಗೆ ಉಳಿದರೂ ಗಾತ್ರ ಉಳಿಯಲಿಲ್ಲ. ವಾರಕ್ಕೊಮ್ಮೆ ಎಂಬುದಕ್ಕೆ ಇದು ಗೌರವದ ಜಾಗ: ಕಟ್ಟುವುದಕ್ಕಲ್ಲ, ಕಟ್ಟಿದ್ದನ್ನು ಕಾಯುವುದಕ್ಕೆ. ಎಷ್ಟು ಸಲ ಎಂಬುದು ಆಯುಷ್ಯಪೂರ್ತಿ ಒಂದೇ ಆಗಿರಬೇಕು ಎಂದೇನಿಲ್ಲ, ವರ್ಷದೊಳಗೇ ಬದಲಾಗಬಹುದು.

ಒಂದೇ ಮೈಯಲ್ಲೂ ಬೇರೆಬೇರೆ ಇರಬಹುದು. ನನಗೀಗ 48. ಎದೆ, ಬೆನ್ನು ವಾರಕ್ಕೆರಡು ಸಲ ಮಾಡುತ್ತೇನೆ. ಡೆಡ್‌ಲಿಫ್ಟ್ ಮಾತ್ರ ವಾರಕ್ಕೊಮ್ಮೆ, ಮೂರು ಸೆಟ್. ಎರಡು ಸಲ ಮಾಡುತ್ತಿದ್ದ ಕಾಲದಲ್ಲಿ ಸೊಂಟ ಏಳು ದಿನವೂ ಬಿಗಿದೇ ಇರುತ್ತಿತ್ತು, ಬೆಳಿಗ್ಗೆ ಶೂ ಲೇಸು ಕಟ್ಟುವಾಗ ತಿಳಿಯುತ್ತಿತ್ತು. ಭುಜದ ಪಕ್ಕದ ಸ್ನಾಯುವಿಗೆ ಹಗುರ ಡಂಬೆಲ್ ಪಕ್ಕಕ್ಕೆತ್ತುವುದನ್ನು ವಾರಕ್ಕೆ ಮೂರು ಸಲ ಮಾಡಿದರೂ ಮರುದಿನ ಅದರ ನೆನಪೇ ಇರುವುದಿಲ್ಲ. ದೊಡ್ಡ ಭಾರ, ಉದ್ದದ ಎಳೆತ, ಬೆನ್ನುಮೂಳೆಯ ಮೇಲೆ ಹೊರೆ ಇರುವ ಎತ್ತುವಿಕೆಗೆ ದೊಡ್ಡ ಅಂತರ ಬೇಕು. ಸಣ್ಣ ಸ್ನಾಯುವಿನ ಸಣ್ಣ ಕೆಲಸಕ್ಕೆ ಬೇಡ. ಲೈನಿನಲ್ಲಿ ದಿನವಿಡೀ ಕ್ರೇಟು ಎತ್ತಿಡುವವನ ಸೊಂಟಕ್ಕೆ ಕಾರ್ಖಾನೆಯೇ ವಾರಕ್ಕೆ ಆರು ಸಲ ವ್ಯಾಯಾಮ ಮಾಡಿಸಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರು ಸಲ ಯಾರಿಗೆ? ಮೊದಲ ಮೂರು ತಿಂಗಳಿನವರಿಗೆ, ಯಾವ ಅನುಮಾನವೂ ಇಲ್ಲದೆ. ಹೊಸಬ ಎತ್ತುವ ಭಾರ ಸಣ್ಣದು, ಅದು ಮಾಡುವ ದಣಿವೂ ಸಣ್ಣದು. ಅವನಿಗೆ ಆಗಬೇಕಾದ ಮೊದಲ ಕೆಲಸ ಸ್ನಾಯು ದಪ್ಪವಾಗುವುದಲ್ಲ, ಸ್ಕ್ವಾಟಿನಲ್ಲಿ ಮಂಡಿ ಎತ್ತ ಹೋಗಬೇಕು, ಬೆಂಚಿನಲ್ಲಿ ರಾಡು ಎದೆಯ ಯಾವ ಜಾಗಕ್ಕೆ ಇಳಿಯಬೇಕು ಎಂದು ಮೈಗೆ ತಿಳಿಯುವುದು. ಸೈಕಲ್ ಕಲಿಯುವವನು ವಾರಕ್ಕೊಮ್ಮೆ ಎರಡು ತಾಸು ಹೊಡೆಯುವುದಕ್ಕಿಂತ ದಿನ ಬಿಟ್ಟು ದಿನ ಅರ್ಧ ತಾಸು ಹೊಡೆದರೆ ಬೇಗ ಕಲಿಯುತ್ತಾನೆ. ಐದಾರು ಎತ್ತುವಿಕೆ, ತಲಾ ಎರಡು ಸೆಟ್, ದಿನ ಬಿಟ್ಟು ದಿನ, ಮುಕ್ಕಾಲು ತಾಸಿನಲ್ಲಿ ಮನೆಗೆ. ನಮ್ಮ ಜಿಮ್ಮಿನಲ್ಲಿ ಮಾತ್ರ ಹೊಸಬನನ್ನು ಮೊದಲ ದಿನವೇ ಗೋಡೆಯ ಪಟ್ಟಿಗೆ ಜೋಡಿಸುತ್ತಾರೆ, ಅದರಲ್ಲೂ ಸೋಮವಾರಕ್ಕೆ. ಮಂಗಳವಾರ ಅವನ ತೋಳು ಮಡಚುವುದಿಲ್ಲ, ಎರಡನೇ ವಾರ ಅವನು ಕಾಣಿಸುವುದಿಲ್ಲ.

ಅನುಭವಿಗಳಲ್ಲಿ ಮೂರು ಸಲ ಬೇಕಾಗುವುದು ಒಂದು ಸ್ನಾಯು ಹಿಂದೆ ಬಿದ್ದಾಗ. ಆರು ವಾರ ಮೊದಲ ಸೆಟ್ ಅಲ್ಲೇ ನಿಂತಿದೆ, ಆದರೆ ಜಿಮ್ಮಿಗೆ ಬರುವಾಗ ಆ ಸ್ನಾಯು ತಾಜಾ ಇದೆ, ನೋವಿಲ್ಲ, ಸೆಟ್‌ನಿಂದ ಸೆಟ್‌ಗೆ ರೆಪ್ಪೂ ಹೆಚ್ಚು ಇಳಿಯುತ್ತಿಲ್ಲ ಎಂದಾದರೆ ಅದಕ್ಕೆ ಸಿಗುತ್ತಿರುವುದು ಕಡಿಮೆ. ಮೊದಲು ಇರುವ ಭೇಟಿಗಳಲ್ಲೇ ಒಂದೆರಡು ಸೆಟ್ ಸೇರಿಸಬೇಕು. ಆ ಭೇಟಿ ಎಂಟು ಹತ್ತು ಸೆಟ್ ತಲುಪಿ ಕೊನೆಯವು ಸೊರಗತೊಡಗಿದರೆ ಆಗ ಮೂರನೇ ಭೇಟಿ ತೆರೆಯಬೇಕು.

ಹೋದ ವಾರ ಹುಡುಗ ನೋಟ್‌ಬುಕ್ ಹಿಡಿದು ಮತ್ತೆ ಬಂದ. ಎಲ್ಲ ಏರಿದೆ, ಮೀನಖಂಡ ಮಾತ್ರ ಹಾಗೇ ಉಳಿದಿದೆ. ಕೆಳಮೈ ದಿನದ ಕೊನೆಗೆ ಎರಡು ಸೆಟ್, ಅದೂ ಮೆಸ್ಸಿನ ಬಾಗಿಲು ಹಾಕುತ್ತಾರೆಂಬ ಅವಸರದಲ್ಲಿ. ಐದು ಭೇಟಿಗೆ ಎರಡೆರಡರಂತೆ ಇಪ್ಪತ್ತೊಂದು ದಿನಕ್ಕೆ ಹತ್ತು ಸೆಟ್. ವಾರಕ್ಕೆ ಮೂರು ಚಿಲ್ಲರೆ. ಅವನೇ ಹಾಳೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದ: ಮೇಲ್ಮೈ ದಿನವೂ ಸೇರಿ ಹತ್ತು ಭೇಟಿಗೂ ಶುರುವಿನಲ್ಲೇ ಮೂರು ಮೂರು ಸೆಟ್ ಇಟ್ಟರೆ 30 ಆಗ್ತದ, ಅದಕ್ಕ ರ‍್ಯಾಕೂ ಬ್ಯಾಡ, ಮೆಟ್ಟಲ ತುದಿ ಸಾಕು. ಹಾರ್ಡ್‌ವೇರ್ ಅಂಗಡಿಯಿಂದ ಮೇಲೆ ಬರುವ ಮೆಟ್ಟಿಲಿನ ಮೂರನೇ ಹಂತದ ಮೇಲೆ ಅವನು ಈಗ ಒಂದು ಕೈಯಲ್ಲಿ ಡಂಬೆಲ್ ಹಿಡಿದು ನಿಲ್ಲುತ್ತಾನೆ, ಹತ್ತುವವರು ಇಳಿಯುವವರು ಬದಿಗೆ ಸರಿದು ಹೋಗುತ್ತಾರೆ.